ಹಳ್ಳದ ಮೂಲೆಯಲ್ಲಿ ನುಸುಳಿದ ಕೊಳವೆ

ಸಕಲೇಶಪುರದ ಕಡೆಯ ಒಂದು ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ ಏರುಕೊಳವೆಯ ದಾರಿ ಹುಡುಕಿಕೊಡುವ ಕೆಲಸ ಕೆಲವು ವರ್ಷಗಳ ಹಿಂದೆ ನನ್ನ ಪಾಲಿಗೆ ಬಂದಿತ್ತು. ಹೊಳೆಯ ದಡದ ನೀರೆತ್ತುವ ಬಾವಿ, ಅಂದರೆ ಜಾಕ್‌ವೆಲ್ ಸಮುದ್ರಮಟ್ಟದಿಂದ 860 ಮೀಟರ್ ಎತ್ತರದಲ್ಲಿದೆ. ನೀರು ತಲುಪಬೇಕಾದ ಟ್ಯಾಂಕ್ 955 ಮೀಟರ್ ಎತ್ತರದ ಗುಡ್ಡದ ಮೇಲಿದೆ. ನಡುವೆ ಗದ್ದೆ ಬಯಲು, ಕಾಫಿ ತೋಟ, ಹಳ್ಳಗಳು, ಒಂದು ತುಂಡು ಮೀಸಲು ಅರಣ್ಯ. 300 ಮಿಲಿಮೀಟರ್ ವ್ಯಾಸದ ಡಿಐ ಪೈಪಿನಲ್ಲಿ ಸೆಕೆಂಡಿಗೆ 60 ಲೀಟರ್ ನೀರು ಹರಿಯಬೇಕು. ಇಂಥ ಕೆಲಸಕ್ಕೆ ಈಗ ಎಲ್ಲರೂ ವೆಚ್ಚದ ರಾಸ್ಟರ್ ಬಳಸುತ್ತಾರೆ. ನಾವೂ ಬಳಸಿದೆವು, ಮೂರು ಸಲ ತಪ್ಪಿದೆವು. ಆ ತಪ್ಪುಗಳು ಯಾರ ಕೈಯಲ್ಲಾದರೂ ಆಗುವಂಥವು.

ವಿಧಾನ ಸರಳ. ನೆಲವನ್ನು 30 ಮೀಟರ್ ಅಗಲದ ಚೌಕಗಳಾಗಿ ಭಾಗಿಸಿ, ಪ್ರತಿ ಚೌಕಕ್ಕೂ ಅದನ್ನು ದಾಟಲು ತಗಲುವ ವೆಚ್ಚವನ್ನು ಬರೆಯುತ್ತೇವೆ. ಜಾಕ್‌ವೆಲ್ ಇರುವ ಚೌಕದಿಂದ ಆರಂಭಿಸಿದ ಸಾಫ್ಟ್‌ವೇರ್ ಸುತ್ತಲಿನ ಎಂಟು ಚೌಕಗಳಿಗೆ ಹೋಗುವ ವೆಚ್ಚ ಲೆಕ್ಕ ಹಾಕುತ್ತದೆ. ಲೆಕ್ಕವಾದ ಚೌಕಗಳಲ್ಲೆಲ್ಲ ಅತಿ ಅಗ್ಗದ್ದನ್ನು ಹಿಡಿದು ಅದರ ಸುತ್ತ ಮತ್ತೆ ಎಂಟು ಚೌಕ ನೋಡುತ್ತದೆ. ಕೆರೆಗೆ ಬಿದ್ದ ಕಲ್ಲಿನ ಅಲೆಯಂತೆ ಲೆಕ್ಕ ಹೊರಗೆ ಹರಡುತ್ತಾ ಹೋಗುತ್ತದೆ, ಆದರೆ ದುಬಾರಿ ನೆಲದಲ್ಲಿ ಅಲೆ ನಿಧಾನ. ಡಚ್ ಗಣಿತಜ್ಞ ಡೈಕ್‌ಸ್ಟ್ರಾ 1959ರಲ್ಲಿ ಪ್ರಕಟಿಸಿದ ವಿಧಾನವೇ ಇದರ ಬುನಾದಿ. ಟ್ಯಾಂಕ್ ಇರುವ ಚೌಕವನ್ನು ಅಲೆ ತಲುಪಿದ ಮೇಲೆ, ಬಂದ ಹೆಜ್ಜೆಗಳನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ದಾರಿ ಸಿಗುತ್ತದೆ. ಕೊಟ್ಟ ಅಂಕಿಗಳಿಗೆ ಅದು ಕೊಡುವ ಉತ್ತರ ಸರಿಯಾಗಿಯೇ ಇರುತ್ತದೆ. ಅಂಕಿ ಕೊಡುವವರು ನಾವು.

ಮೊದಲ ತಪ್ಪು ಅಲ್ಲಿಯೇ ಆಯಿತು. ತಂಡದ ಕಿರಿಯ ಎಂಜಿನಿಯರ್ ರೂಢಿಯಂತೆ ನೆಲಕ್ಕೆ 1ರಿಂದ 9ರವರೆಗೆ ಅಂಕ ಕೊಟ್ಟಿದ್ದರು. ರಸ್ತೆ ಬದಿಯ ಒಣನೆಲಕ್ಕೆ 1, ಗದ್ದೆಗೆ 4, ಕಾಫಿ ತೋಟಕ್ಕೆ 7. ತೋಟ ಕಷ್ಟ, ರಸ್ತೆ ಬದಿ ಸುಲಭ ಎಂಬ ಅವರ ಅನಿಸಿಕೆ ತಪ್ಪಲ್ಲ. ಆದರೆ ಸಾಫ್ಟ್‌ವೇರ್ ಅಂಕಗಳನ್ನು ಅನಿಸಿಕೆಯಾಗಿ ಓದುವುದಿಲ್ಲ, ಕೂಡುತ್ತದೆ. ತೋಟದೊಳಗಿನ ಒಂದು ಮೀಟರ್ ತಪ್ಪಿಸಲು ರಸ್ತೆ ಬದಿಯಲ್ಲಿ ಏಳು ಮೀಟರ್ ಸುತ್ತಿದರೂ ಸರಿ ಎಂದೇ ಅದಕ್ಕೆ ಅರ್ಥವಾಗುತ್ತದೆ. ಬಂದ ದಾರಿ 26.4 ಕಿಲೋಮೀಟರ್ ಉದ್ದವಿತ್ತು, ಎಲ್ಲ ತೋಟಗಳನ್ನೂ ಪ್ರದಕ್ಷಿಣೆ ಹಾಕಿತ್ತು.

ಆಮೇಲೆ ಕುಳಿತು ರೂಪಾಯಿಯಲ್ಲಿ ಬರೆದೆವು. ಪೈಪಿನ ಬೆಲೆ, ಕಂದಕ ತೋಡುವುದು, ಜೋಡಣೆ, ಮುಚ್ಚುವುದು ಎಲ್ಲ ಸೇರಿ ಒಣನೆಲದಲ್ಲಿ ಮೀಟರಿಗೆ 5,000; ನೀರು ಹೊರಹಾಕುವ ಖರ್ಚು ಮತ್ತು ಬೆಳೆ ಪರಿಹಾರ ಸೇರಿ ಗದ್ದೆಯಲ್ಲಿ 6,500; ಗಿಡ ಮತ್ತು ನೆರಳು ಮರಗಳ ಪರಿಹಾರ ಸೇರಿ ಕಾಫಿ ತೋಟದಲ್ಲಿ 9,000. ಮೀಸಲು ಅರಣ್ಯದ ಚೌಕಗಳನ್ನು ಖಾಲಿ ಬಿಟ್ಟೆವು. ಖಾಲಿ ಚೌಕದೊಳಗೆ ದಾರಿ ಹೋಗುವುದಿಲ್ಲ. ತೋಟಕ್ಕೂ ಒಣನೆಲಕ್ಕೂ ಇರುವ ನಿಜವಾದ ಅನುಪಾತ 1.8 ಮಾತ್ರ, 7 ಅಲ್ಲ. ಪೈಪಿನ ಬೆಲೆ ಎಲ್ಲ ನೆಲದಲ್ಲೂ ಒಂದೇ ಇರುವುದರಿಂದ ಅನುಪಾತಗಳು ಅಷ್ಟೊಂದು ಹಿಗ್ಗುವುದಿಲ್ಲ. ಅಂಕ ಕೊಡುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ. ದರ ಎಷ್ಟೇ ಒರಟಾಗಿರಲಿ, ರೂಪಾಯಿಯಲ್ಲಿಯೇ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತಪ್ಪಿದರೆ ಗುತ್ತಿಗೆದಾರರೊಬ್ಬರು ನೋಡಿ ತಿದ್ದಬಲ್ಲರು. 7 ಎಂಬ ಅಂಕವನ್ನು ತಿದ್ದಲು ಯಾರಿಗೂ ಆಧಾರವಿಲ್ಲ.

ಎರಡನೆಯ ತಪ್ಪು ಹೊರಬೀಳಲು ಎರಡು ದಿನ ಬೇಕಾಯಿತು. ಒಂದು ಹಳ್ಳವನ್ನು ಕಂಬಗಳ ಮೇಲೆ ದಾಟಿಸಲು 12 ಲಕ್ಷ ರೂಪಾಯಿ ಎಂದು ಹಿಡಿದಿದ್ದೆವು. ಹೊಸ ದಾರಿ 17 ಕಿಲೋಮೀಟರ್ ಸುಮಾರಿಗೆ ಇಳಿದು ಚೆನ್ನಾಗಿಯೇ ಕಂಡಿತು. ಆದರೆ ಭೂಪಟದ ಮೇಲೆ ಬೆರಳಿಟ್ಟು ಎಣಿಸಿದರೆ ಅದು ಐದು ಕಡೆ ಹಳ್ಳ ದಾಟುತ್ತಿತ್ತು. ಐದು ಸಲ ದಾಟಿದ್ದರೆ ಮೊತ್ತದಲ್ಲಿ 60 ಲಕ್ಷ ಹಳ್ಳಗಳದ್ದೇ ಇರಬೇಕು. ದಾರಿಯುದ್ದಕ್ಕೂ ಕೂಡಿಬಂದ ವೆಚ್ಚದ ನಕ್ಷೆ ಎಳೆದು ನೋಡಿದೆವು. ಹಳ್ಳ ಬಂದಲ್ಲಿ ಗೆರೆ ಮೆಟ್ಟಿಲಿನಂತೆ 12 ಲಕ್ಷ ಮೇಲೇರಬೇಕಿತ್ತು. ಒಂದು ಮೆಟ್ಟಿಲೂ ಇರಲಿಲ್ಲ.

ಕಾರಣ ಚೌಕಗಳ ಮೂಲೆಯಲ್ಲಿತ್ತು. ಓರೆಯಾಗಿ ಹರಿಯುವ ಹಳ್ಳವನ್ನು ರಾಸ್ಟರ್ ಮಾಡಿದಾಗ ಅದರ ಚೌಕಗಳು ಚದುರಂಗದ ಹಾಸಿನ ಒಂದೇ ಬಣ್ಣದ ಮನೆಗಳಂತೆ ಮೂಲೆಗೆ ಮೂಲೆ ತಗಲಿ ನಿಲ್ಲುತ್ತವೆ. ಕಣ್ಣಿಗೆ ಅದು ಅಖಂಡ ಗೆರೆ. ಆದರೆ ಎಂಟು ದಿಕ್ಕಿಗೂ ಹೆಜ್ಜೆ ಇಡಬಲ್ಲ ಲೆಕ್ಕಕ್ಕೆ ಆ ಮೂಲೆಗಳ ನಡುವೆ ಅಡ್ಡ ಓರೆಯಲ್ಲಿ ಒಂದು ಬಿರುಕಿದೆ. ಹಳ್ಳದ ಚೌಕವನ್ನು ಮುಟ್ಟದೆಯೇ ಅದು ಆಚೆ ದಡಕ್ಕೆ ಹಾರುತ್ತದೆ. ಇಲ್ಲಿ ಇನ್ನೊಂದು ವಿಷಯವೂ ಇದೆ. ಅಗ್ಗದ ದಾರಿ ಹುಡುಕುವುದೇ ಅದರ ಕೆಲಸವಾದ್ದರಿಂದ, ಇಡೀ ಹಳ್ಳದಲ್ಲಿ ಒಂದೇ ಒಂದು ಬಿರುಕು ಇದ್ದರೂ ಅದನ್ನು ಹುಡುಕಿ ಅಲ್ಲಿಗೇ ಹೋಗುತ್ತದೆ. ಹಾಗಾಗಿ ಈ ದೋಷ ಅಪರೂಪಕ್ಕೆ ಆಗುವುದಲ್ಲ, ಬಿರುಕು ಇದ್ದರೆ ಆಗಿಯೇ ತೀರುತ್ತದೆ.

ಪರಿಹಾರ ಒಂದು ಅಕ್ಷರದಷ್ಟು ಚಿಕ್ಕದು. ಗೆರೆ ಮುಟ್ಟಿದ ಎಲ್ಲ ಚೌಕಗಳನ್ನೂ ತುಂಬುವಂತೆ ಹೇಳಬೇಕು. ಆಗ ಚೌಕಗಳು ಅಂಚಿಗೆ ಅಂಚು ತಗಲಿ ನಿಲ್ಲುತ್ತವೆ. ಗ್ರಾಸ್ ತಂತ್ರಾಂಶದಲ್ಲಿ ಅದು ಮೊದಲ ಸಾಲಿನ `-d`:

```
v.to.rast -d input=halla type=line output=halla use=val value=1350000
r.mapcalc "vecha = if(isnull(bhumi), null(), if(isnull(halla), bhumi, halla))"
r.cost input=vecha output=kudida_vecha outdir=dikku start_points=jackwell
r.path input=dikku vector_path=dari start_points=tanki
```

ಇಲ್ಲಿನ 13,50,000 ಎಲ್ಲಿಂದ ಬಂತೆಂದರೆ, `r.cost` ಚೌಕದ ಬೆಲೆಯನ್ನು ಮೀಟರಿಗಲ್ಲ, ಇಡೀ ಚೌಕಕ್ಕೆ ಓದುತ್ತದೆ. ಆದ್ದರಿಂದ ಒಣನೆಲದ ಚೌಕಕ್ಕೆ 5,000 ಅಲ್ಲ, ಮೂವತ್ತು ಮೀಟರಿನದು, ಅಂದರೆ 1,50,000 ಬರೆಯಬೇಕು. ಹಳ್ಳದ ಚೌಕಕ್ಕೆ ಅದರ ಮೇಲೆ 12 ಲಕ್ಷ. ಒಂದು ಚೌಕದಿಂದ ಪಕ್ಕದ್ದಕ್ಕೆ ಹೋಗುವಾಗ ಎರಡರ ಸರಾಸರಿ ಹಿಡಿಯುವುದರಿಂದ, ಹಳ್ಳದ ಬೆಲೆಯ ಅರ್ಧ ಇಳಿಯುವಾಗ, ಇನ್ನರ್ಧ ಹತ್ತುವಾಗ ಸೇರಿ, ನೇರ ದಾಟಿದಲ್ಲಿ ಸರಿಯಾಗಿ ಒಮ್ಮೆ ಬೀಳುತ್ತದೆ. ತಿದ್ದಿದ ಮೇಲೆ ದಾರಿ ಎರಡೇ ಕಡೆ ಹಳ್ಳ ದಾಟಿತು, ನಕ್ಷೆಯಲ್ಲಿ ಎರಡು ಮೆಟ್ಟಿಲು ಸ್ಪಷ್ಟವಾಗಿ ನಿಂತವು. ಉದ್ದ 17.9 ಕಿಲೋಮೀಟರ್: ಒಣನೆಲ 11.4, ಗದ್ದೆ 3, ತೋಟ 3.5. ಮೊತ್ತ 11 ಕೋಟಿ ಚಿಲ್ಲರೆ. ಹಿಂದಿನ 26.4 ಕಿಲೋಮೀಟರಿನ ದಾರಿಗೆ ಇದೇ ದರ ಹಾಕಿದರೆ 13 ಕೋಟಿ ದಾಟುತ್ತಿತ್ತು.

ಇಲ್ಲಿಗೆ ಮುಗಿಯಿತೆಂದು ವರದಿ ಬರೆಯಲು ಕುಳಿತಾಗ ಪಂಪು ಆರಿಸುವ ಮೆಕ್ಯಾನಿಕಲ್ ಎಂಜಿನಿಯರ್ ಒಂದೇ ಪ್ರಶ್ನೆ ಕೇಳಿದರು: "ಸರ್, ಈ ದಾರಿಯಲ್ಲಿ ಅತಿ ಎತ್ತರದ ಜಾಗ ಯಾವುದು?" ನೋಡಿದರೆ 11ನೇ ಕಿಲೋಮೀಟರಿನಲ್ಲಿ ಅದು 1,012 ಮೀಟರಿನ ಏಣನ್ನು ಹತ್ತಿ ಇಳಿಯುತ್ತಿತ್ತು. ಟ್ಯಾಂಕಿಗಿಂತ 57 ಮೀಟರ್ ಹೆಚ್ಚು.

ಇದು ಈ ವಿಧಾನದ ನಿಜವಾದ ಮಿತಿ, ಅಂಕಿ ತಿದ್ದಿದರೆ ಹೋಗುವಂಥದ್ದಲ್ಲ. ಕಂದಕದ ಖರ್ಚು ಚೌಕದಿಂದ ಚೌಕಕ್ಕೆ ಕೂಡುತ್ತಾ ಹೋಗುತ್ತದೆ. ಪಂಪಿನ ಹೆಡ್, ಅಂದರೆ ಅದು ನೀರನ್ನು ತಳ್ಳಬೇಕಾದ ಒಟ್ಟು ಎತ್ತರ, ಹಾಗೆ ಕೂಡುವುದಿಲ್ಲ. ದಾರಿಯ ಅತಿ ಕಠಿಣವಾದ ಒಂದೇ ಬಿಂದು ಅದನ್ನು ನಿರ್ಧರಿಸುತ್ತದೆ. ಈ ಪೈಪಿನಲ್ಲಿ ಈ ಹರಿವಿಗೆ ಘರ್ಷಣೆಯಿಂದ ಕಿಲೋಮೀಟರಿಗೆ ಸುಮಾರು 2.2 ಮೀಟರ್ ಹೆಡ್ ನಷ್ಟವಾಗುತ್ತದೆ. ಏಣು ದಾಟಿಸಲು 152 ಮೀಟರ್ ಎತ್ತರ ಮತ್ತು 24 ಮೀಟರ್ ಘರ್ಷಣೆ, ಒಟ್ಟು 176 ಬೇಕು. ಟ್ಯಾಂಕಿಗೆ ಮಾತ್ರವಾದರೆ 95 ಮತ್ತು 39 ಸೇರಿ 134 ಸಾಕಿತ್ತು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಬರುವ ಪೆಟ್ರೋಲಿಯಂ ಕೊಳವೆಗೆ ಘಟ್ಟದ ಬುಡದ ನೆರಿಯದಲ್ಲಿ ಪಂಪಿಂಗ್ ಕೇಂದ್ರ ಇರುವುದನ್ನು ನೆನೆಯಿರಿ. ಅಲ್ಲಿ ಘಟ್ಟ ಹತ್ತದೆ ವಿಧಿಯಿಲ್ಲ. ನಮಗೆ ವಿಧಿಯಿತ್ತು.

ನಾವು ಮಾಡಿದ್ದು ಹೀಗೆ. 1,010 ಮೀಟರಿಗಿಂತ ಎತ್ತರದ ಚೌಕಗಳನ್ನೆಲ್ಲ ಖಾಲಿ ಮಾಡಿ ದಾರಿ ಹುಡುಕಿದೆವು. ಆಮೇಲೆ 1,000, 990, ಹೀಗೆ ಹತ್ತು ಹತ್ತು ಮೀಟರ್ ಇಳಿಸುತ್ತಾ 960ರವರೆಗೆ ಆರು ಸಲ. ಪ್ರತಿ ಸಲವೂ ದಾರಿ ಸ್ವಲ್ಪ ಉದ್ದವಾಗುತ್ತದೆ, ಏಣು ತಗ್ಗುತ್ತದೆ. ಪ್ರತಿ ದಾರಿಗೂ ಕಂದಕದ ಖರ್ಚು ಮತ್ತು ವಿದ್ಯುತ್ ಖರ್ಚನ್ನು ಪಕ್ಕಪಕ್ಕ ಬರೆದೆವು. 960ರ ಮಿತಿಯ ದಾರಿ 20.2 ಕಿಲೋಮೀಟರ್ ಉದ್ದ, 12.1 ಕೋಟಿ ರೂಪಾಯಿ. ಮೊದಲಿನದಕ್ಕಿಂತ ಕೋಟಿಗೂ ತುಸು ಹೆಚ್ಚು. ಆದರೆ ಅದಕ್ಕೆ ಬೇಕಾದ ಹೆಡ್ 139 ಮೀಟರ್ ಮಾತ್ರ, 37 ಮೀಟರ್ ಉಳಿತಾಯ. ಪಂಪಿನ ದಕ್ಷತೆ ಶೇಕಡಾ 70, ದಿನಕ್ಕೆ 20 ಗಂಟೆ ಓಟ, ಯೂನಿಟ್‌ಗೆ 6 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ಹದಿಮೂರೂವರೆ ಲಕ್ಷ ಉಳಿಯುತ್ತದೆ. ಹೆಚ್ಚಿನ ಕೋಟಿ ಎಂಟು ವರ್ಷದೊಳಗೆ ವಾಪಸು. ಕೊಳವೆ ಅದರ ಮೂರ್ನಾಲ್ಕು ಪಟ್ಟು ಕಾಲ ಬಾಳುವಂಥದ್ದು. ಆ ಬಿಲ್ಲನ್ನು ಕಟ್ಟುವುದು ಪಂಚಾಯಿತಿ, ಅಂದರೆ ನೀರಿನ ಕಂದಾಯ ಕೊಡುವ ಮನೆಗಳು. ಈ ಲೆಕ್ಕವನ್ನು ನಾವೇ ಮೊದಲು ಹಾಕದೆ ಇದ್ದುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಏಣಿನ ಎತ್ತರಗಳನ್ನು ರಾಸ್ಟರಿನಿಂದಲೇ ನಂಬಬಾರದು. ನಾವು ಬಳಸಿದ ಎತ್ತರದ ದತ್ತಾಂಶ 2000ನೇ ಇಸವಿಯ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದದ್ದು. ದಟ್ಟ ಮರಗಳಿರುವಲ್ಲಿ ಆ ರಾಡಾರ್ ನೆಲ ಮುಟ್ಟದೆ ಎಲೆಗಳ ನಡುವಿನಿಂದಲೇ ಹಿಂದಿರುಗುತ್ತದೆ. ಸಿಲ್ವರ್ ಓಕ್ ತುಂಬಿದ ತೋಟದಲ್ಲಿ ಎತ್ತರ ಹಲವು ಮೀಟರ್ ಹೆಚ್ಚು ಕಾಣುತ್ತದೆ. ಹತ್ತು ಮೀಟರಿಗೊಂದು ದಾರಿ ಬದಲಾಗುವ ಲೆಕ್ಕದಲ್ಲಿ ಅದು ಸಣ್ಣ ದೋಷವಲ್ಲ. ಆದ್ದರಿಂದ ಏಣುಗಳ ತಗ್ಗುಗಳನ್ನಷ್ಟೇ ಹೋಗಿ ಉಪಕರಣ ಇಟ್ಟು ಅಳೆಸಿದೆವು.

ಸರ್ವೆಯವರ ಕೈಗೆ ಒಂಟಿ ಗೆರೆ ಕೊಡಲಿಲ್ಲ, ನೆಲದ ಅಗಲವಾದ ಪಟ್ಟಿ ಕೊಟ್ಟೆವು. ಜಾಕ್‌ವೆಲ್‌ನಿಂದ ಕೂಡಿಬಂದ ವೆಚ್ಚ ಮತ್ತು ಟ್ಯಾಂಕಿನಿಂದ ಕೂಡಿಬಂದ ವೆಚ್ಚ, ಎರಡೂ ರಾಸ್ಟರುಗಳನ್ನು ಕೂಡಿಸಿದರೆ ಪ್ರತಿ ಚೌಕಕ್ಕೂ ಅದರ ಮೂಲಕ ಹಾಯುವ ಅತ್ಯಗ್ಗದ ದಾರಿಯ ಮೊತ್ತ ಸಿಗುತ್ತದೆ. ಕನಿಷ್ಠಕ್ಕಿಂತ ಶೇಕಡಾ 2ರೊಳಗಿನ ಚೌಕಗಳನ್ನು ಬಣ್ಣ ಹಚ್ಚಿ ಕೊಟ್ಟರೆ, ಎಲ್ಲಿ ಕದಲಲು ಜಾಗವಿದೆ, ಎಲ್ಲಿ ಕುತ್ತಿಗೆಯಂತೆ ಕಿರಿದಾಗಿದೆ ಎಂಬುದು ಅವರಿಗೆ ಕಾಣುತ್ತದೆ. ಗುಡ್ಡದ ಪಕ್ಕೆಯಲ್ಲಿ ಅಡ್ಡಲಾಗಿ ಸಾಗುವ ಒಂದು ತುಂಡನ್ನು ಅವರು ಮೊದಲ ದಿನವೇ ತಿರಸ್ಕರಿಸಿದರು. ಇಳಿಜಾರಿಗೆ ನೇರ ಹತ್ತಿ ಇಳಿಯುವ ಕಂದಕಕ್ಕಿಂತ ಪಕ್ಕೆಯನ್ನು ಕೊರೆದು ಹೋಗುವುದು ಮಳೆಗಾಲದಲ್ಲಿ ಕುಸಿತಕ್ಕೆ ದಾರಿ, ಆದರೆ ಇಳಿಜಾರಿನ ರಾಸ್ಟರಿಗೆ ಎರಡೂ ಒಂದೇ. ಪಟ್ಟಿ ಅಲ್ಲಿ ಅಗಲವಿದ್ದುದರಿಂದ ಬದಿಗೆ ಸರಿದರು.

ಎರಡನೆಯ ಹಳ್ಳದ ಹತ್ತಿರ ಪಟ್ಟಿ ಎರಡು ಚೌಕದಷ್ಟೇ ಅಗಲವಿತ್ತು. ಅಲ್ಲಿ ಒಂದು ದೇವರ ಕಾಡು ಸಿಕ್ಕಿತು, ಅರ್ಧ ಎಕರೆಯೂ ಇಲ್ಲ, ನಮ್ಮ ನಕ್ಷೆಯ ಯಾವ ಪದರದಲ್ಲೂ ಇರಲಿಲ್ಲ. ಊರಿನ ಹಿರಿಯರು ಅದರ ಅಂಚನ್ನು ನಡೆದು ತೋರಿಸಿದರು, ಸರ್ವೆಯವರು ಗುರುತು ಮಾಡಿಕೊಂಡರು. ಆ ಚೌಕಗಳನ್ನು ಖಾಲಿ ಮಾಡಿ ಮತ್ತೆ ಓಡಿಸಿದಾಗ ದಾರಿ ಸ್ವಲ್ಪ ಮೇಲಕ್ಕೆ ಸರಿದು ಹಳ್ಳ ದಾಟಿತು. ಹೆಚ್ಚಾದದ್ದು 90 ಮೀಟರ್, ನಾಲ್ಕೂವರೆ ಲಕ್ಷ ರೂಪಾಯಿ.