ಫೀಡ್ ಚೀಲದ ಮೇಲಿನ ‘ಕ್ರೂಡ್ ಪ್ರೋಟೀನ್’ ಏನನ್ನು ಹೇಳುತ್ತದೆ?

“ಇದರಲ್ಲಿ 22 ಪರ್ಸೆಂಟ್ ಪ್ರೋಟೀನ್ ಇದೆ, ಅದರಲ್ಲಿ ಬರೀ 20. ಇದನ್ನೇ ತಗೊಳ್ಳಿ ಅಣ್ಣ, ಹಾಲು ಜಾಸ್ತಿ ಬರುತ್ತೆ.” ಹೈನುಗಾರರ ಗುಂಪುಗಳಲ್ಲಿ ಈ ಮಾತು ದಿನಾ ಓಡಾಡುತ್ತಿದೆ. ಫೀಡ್ ಅಂಗಡಿಯಲ್ಲೂ ಇದೇ ಮಾತು. ಚೀಲದ ಮೇಲೆ ಇರುವುದು ‘ಪ್ರೋಟೀನ್’ ಅಲ್ಲ, ‘ಕ್ರೂಡ್ ಪ್ರೋಟೀನ್’. ಕೆಲವು ಚೀಲಗಳಲ್ಲಿ ಕನ್ನಡದಲ್ಲೇ ‘ಕಚ್ಚಾ ಪ್ರೋಟೀನ್’ ಅಂತ ಇರುತ್ತದೆ. ಆ ಮೊದಲ ಪದವನ್ನು ನುಂಗಿಬಿಟ್ಟರೆ ಲೆಕ್ಕವೇ ತಪ್ಪುತ್ತದೆ. ಎರಡು ಮೂರು ಹಸು ಕಟ್ಟಿಕೊಂಡು, ಡೈರಿ ಬಿಲ್ಲಿನ ದೊಡ್ಡ ಪಾಲನ್ನು ಹಿಂಡಿ ಬೂಸಾಕ್ಕೇ ಸುರಿಯುವವರಿಗೆ ಇದು ನೇರವಾಗಿ ದುಡ್ಡಿನ ವಿಷಯ.

ಮೊದಲು ‘ಕಚ್ಚಾ’ ಬಗ್ಗೆ. ಸಂಸ್ಕರಿಸದ ಪ್ರೋಟೀನ್, ಹಸಿ ಪ್ರೋಟೀನ್, ಬೇಯಿಸದ ಕಾಳಿನ ಪ್ರೋಟೀನ್ ಅಂತೆಲ್ಲ ಅರ್ಥ ಹೇಳುವುದನ್ನು ಕೇಳಿದ್ದೇನೆ. ಇದು ಅದ್ಯಾವುದೂ ಅಲ್ಲ. ಇಲ್ಲಿ ‘ಕಚ್ಚಾ’ ಅಂದರೆ ಅಂದಾಜು. ಲ್ಯಾಬಿನಲ್ಲಿ ಫೀಡ್‌ನ ಪ್ರೋಟೀನನ್ನು ಬೇರೆ ತೆಗೆದು ತೂಗುವುದಿಲ್ಲ. ಅಲ್ಲಿ ಅಳೆಯುವುದು ಸಾರಜನಕವನ್ನು, ಅಂದರೆ ನೈಟ್ರೋಜನ್ನನ್ನು. ಪ್ರೋಟೀನ್‌ನಲ್ಲಿ ಸುಮಾರು 16 ಪರ್ಸೆಂಟ್ ಸಾರಜನಕ ಇರುತ್ತದೆ. ನೂರನ್ನು 16ರಿಂದ ಭಾಗಿಸಿದರೆ 6.25. ಹಾಗಾಗಿ ಸಿಕ್ಕ ಸಾರಜನಕವನ್ನು 6.25ರಿಂದ ಗುಣಿಸಿ, ಬಂದ ಉತ್ತರವನ್ನು ಚೀಲದ ಮೇಲೆ ಅಚ್ಚು ಹಾಕುತ್ತಾರೆ.

ಈ ವಿಧಾನ ಕೊಟ್ಟವರು ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್. 1883ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಅವರಿಗೆ ಬೇಕಾಗಿದ್ದದ್ದು ಬಿಯರ್ ಮಾಡುವ ಧಾನ್ಯದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ತಿಳಿಯುವ ದಾರಿ. ಬಾರ್ಲಿಯಲ್ಲಿರುವ ಸಾರಜನಕ ಬಹುಪಾಲು ಪ್ರೋಟೀನ್‌ನದ್ದೇ. ಹಾಗಾಗಿ ಅಲ್ಲಿ ಈ ಅಂದಾಜು ಚೆನ್ನಾಗಿ ಕೂರುತ್ತದೆ. ಕಡಲೆಕಾಯಿ ಹಿಂಡಿಗೂ, ಗೋಧಿ ಬೂಸಾಕ್ಕೂ ಕೂರುತ್ತದೆ. ಕಾರ್ಖಾನೆಯಲ್ಲಿ ಬೆರೆಸಿದ ಫೀಡ್ ಆದರೆ ಆ ಸಾರಜನಕ ಎಲ್ಲಿಂದ ಬಂತು ಅಂತ ಕೇಳಲೇಬೇಕು. ಲ್ಯಾಬಿನ ಪರೀಕ್ಷೆ ಅದನ್ನು ಹೇಳುವುದಿಲ್ಲ.

ಇಲ್ಲಿಗೆ ಯೂರಿಯಾ ಬರುತ್ತದೆ. ಯೂರಿಯಾದಲ್ಲಿ 46 ಪರ್ಸೆಂಟ್ ಸಾರಜನಕ. ಅದನ್ನು 6.25ರಿಂದ ಗುಣಿಸಿ ನೋಡಿ, 287 ದಾಟುತ್ತದೆ. ಅಂದರೆ ಲೆಕ್ಕದ ಪ್ರಕಾರ ಒಂದು ಕೆಜಿ ಯೂರಿಯಾದಲ್ಲಿ ಸುಮಾರು 2.9 ಕೆಜಿ ‘ಕ್ರೂಡ್ ಪ್ರೋಟೀನ್’ ಇದೆ! ನಿಜಕ್ಕೂ ಅದರಲ್ಲಿ ಒಂದು ಗ್ರಾಂ ಪ್ರೋಟೀನೂ ಇಲ್ಲ. 50 ಕೆಜಿ ಚೀಲಕ್ಕೆ ಅರ್ಧ ಕೆಜಿ ಯೂರಿಯಾ ಬಿದ್ದರೆ ಸಾಕು, ಚೀಲದ ಮೇಲಿನ ಅಂಕಿ ಸುಮಾರು 2.9ರಷ್ಟು ಏರುತ್ತದೆ. 19 ಪರ್ಸೆಂಟಿನ ಫೀಡ್ 22ರ ಫೀಡ್ ಆಗುತ್ತದೆ. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಗೆ ಹೋಗುವ ಹಾಲಿಗೆ ಮೆಲಮೈನ್ ಅನ್ನುವ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಬೆರೆಸಿದ್ದೂ ಪರೀಕ್ಷೆಯ ಇದೇ ಸಂದಿಯಲ್ಲಿ ನುಸುಳಿ. ಮೆಲಮೈನ್‌ನಲ್ಲಿ ಮೂರರಲ್ಲಿ ಎರಡು ಪಾಲು ಸಾರಜನಕವೇ.

ಹಾಗಂತ ಯೂರಿಯಾ ಅಂದ ತಕ್ಷಣ ವಿಷ ಅಂತ ಕೂಗುವುದೂ ತಪ್ಪು. ಹಸು, ಎಮ್ಮೆಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಯೂರಿಯಾದಿಂದ ತಮ್ಮ ಮೈಯ ಪ್ರೋಟೀನ್ ಕಟ್ಟಿಕೊಳ್ಳುತ್ತವೆ. ಆಮೇಲೆ ಹಸು ಅವುಗಳನ್ನೇ ಅರಗಿಸಿಕೊಳ್ಳುತ್ತದೆ. ಆದರೆ ಆ ಕೆಲಸಕ್ಕೆ ಅದೇ ಹೊತ್ತಿಗೆ ಮೆಕ್ಕೆಜೋಳದ ಪಿಷ್ಟವೋ ಕಾಕಂಬಿಯ ಸಕ್ಕರೆಯೋ ಹೊಟ್ಟೆಯಲ್ಲಿರಬೇಕು. ಬರೀ ರಾಗಿ ಹುಲ್ಲು ತಿಂದ ಹಸುವಿನಲ್ಲಿ ಯೂರಿಯಾ ಅಮೋನಿಯಾ ಆಗಿ ರಕ್ತಕ್ಕೆ ಸೇರಿ, ಬಹುಪಾಲು ಗಂಜಲದಲ್ಲಿ ಹೋಗುತ್ತದೆ. ಜಾಸ್ತಿ ಬಿದ್ದರೆ ನಡುಕ, ಹೊಟ್ಟೆಯುಬ್ಬರ, ಬಾಯಲ್ಲಿ ನೊರೆ ಕಾಣಿಸಿಕೊಂಡು ಸ್ವಲ್ಪ ಹೊತ್ತಿನಲ್ಲೇ ಪ್ರಾಣಕ್ಕೆ ಬರುತ್ತದೆ. ಆಗ ಕಾಯದೆ ಪಶು ವೈದ್ಯರನ್ನು ಕರೆಯಬೇಕು. ಆರು ತಿಂಗಳು ತುಂಬದ ಎಳೆ ಕರುವಿಗಂತೂ ಯೂರಿಯಾ ಇರುವ ಫೀಡ್ ಕೊಡಲೇಬಾರದು. ದೊಡ್ಡ ಹಸುವಿನ ಫೀಡ್‌ನಲ್ಲಿ ನೂರು ಕೆಜಿಗೆ ಒಂದು ಕೆಜಿಯೊಳಗೆ, ಚೆನ್ನಾಗಿ ಬೆರೆತು, ಚೀಲದ ಮೇಲೆ ಬರೆದಿದ್ದರೆ ನನ್ನ ತಕರಾರಿಲ್ಲ. ಹಿಂಡಿಯ ರೇಟು ತಗೊಂಡು ಯೂರಿಯಾ ಕೊಡುವುದಕ್ಕೆ ತಕರಾರು ಇದೆ.

ಲೆಕ್ಕ ಹಾಕಿ ನೋಡೋಣ. ರೇಟು ಉದಾಹರಣೆಗೆ ಮಾತ್ರ. ಮೊದಲ ಚೀಲ 50 ಕೆಜಿ, 22 ಪರ್ಸೆಂಟ್, ₹1,400. ಎರಡನೆಯದು 50 ಕೆಜಿ, 20 ಪರ್ಸೆಂಟ್, ₹1,350. ಮೊದಲನೆಯದರಲ್ಲಿ ಕ್ರೂಡ್ ಪ್ರೋಟೀನ್ 11 ಕೆಜಿ, ಕೆಜಿಗೆ ₹127 ಬಿತ್ತು. ಎರಡನೆಯದರಲ್ಲಿ 10 ಕೆಜಿ, ಕೆಜಿಗೆ ₹135. ಮೊದಲನೆಯದೇ ಲಾಭ ಅನ್ನಿಸುತ್ತದೆ ಅಲ್ವಾ? ಈಗ ಪದಾರ್ಥಗಳ ಪಟ್ಟಿ ಓದಿ. ಮೊದಲನೆಯದರಲ್ಲಿ ಯೂರಿಯಾ 1 ಪರ್ಸೆಂಟ್ ಅಂತಿದೆ, ಎರಡನೆಯದರಲ್ಲಿ ಇಲ್ಲ. ಯೂರಿಯಾದ 2.9 ಕಳೆದರೆ ಮೊದಲನೆಯದರಲ್ಲಿ ಕಾಳು ಹಿಂಡಿಯಿಂದ ಬಂದ ಪ್ರೋಟೀನ್ 19.1 ಪರ್ಸೆಂಟ್, ಅಂದರೆ ಚೀಲಕ್ಕೆ ಸುಮಾರು ಒಂಬತ್ತೂವರೆ ಕೆಜಿ. ಕೆಜಿಗೆ ₹147 ಆಯಿತು. ಅಗ್ಗ ಅಂದುಕೊಂಡಿದ್ದ ಚೀಲವೇ ದುಬಾರಿ.

ಪದಾರ್ಥಗಳ ಪಟ್ಟಿ ಓದುವುದು ಒಂದು ಅಭ್ಯಾಸ. ಕಡಲೆಕಾಯಿ ಹಿಂಡಿ, ಸೋಯಾ ಹಿಂಡಿ 40 ಪರ್ಸೆಂಟಿನ ಆಚೆಯವು. ತೆಂಗಿನ ಹಿಂಡಿ, ಸಿಪ್ಪೆ ಸಮೇತ ಅರೆದ ಹತ್ತಿಕಾಳು ಹಿಂಡಿ 20ರ ಆಸುಪಾಸು. ಗೋಧಿ ಬೂಸಾ, ಅಕ್ಕಿ ತೌಡು 12ರಿಂದ 16. ಮೆಕ್ಕೆಜೋಳ 9. ಪಟ್ಟಿಯಲ್ಲಿ ತೌಡು, ಬೂಸಾ, ಕಾಕಂಬಿ, ಉಪ್ಪು ಮಾತ್ರ ಇದ್ದು, ಯಾವ ಎಣ್ಣೆಕಾಳಿನ ಹಿಂಡಿಯ ಹೆಸರೂ ಇಲ್ಲದೆ 22 ಪರ್ಸೆಂಟ್ ಅಂತ ಬರೆದಿದ್ದರೆ, ಉಳಿದದ್ದು ಎಲ್ಲಿಂದ ಬಂತು ಅಂತ ಅಂಗಡಿಯವರನ್ನು ಕೇಳಿ. “ಎಣ್ಣೆಕಾಳು ಹಿಂಡಿಗಳು” ಅಂತ ಮೊಗಮ್ಮಾಗಿ ಬರೆದಿದ್ದರೂ ಕೇಳಿ. ಹರಳು ಹಿಂಡಿಯಲ್ಲೂ ಸಾರಜನಕ ದಂಡಿಯಾಗಿದೆ. ಆದರೆ ಅದು ಹೊಲಕ್ಕೆ ಗೊಬ್ಬರ, ಹಸುವಿಗೆ ವಿಷ.

ಅದೇ ಚೀಟಿಯಲ್ಲಿ ‘ಆಮ್ಲದಲ್ಲಿ ಕರಗದ ಬೂದಿ’ ಅಂತ ಒಂದು ಸಾಲಿರುತ್ತದೆ, ಯಾರೂ ಓದುವುದಿಲ್ಲ. ಅದು ಮರಳು, ಮಣ್ಣು, ಭತ್ತದ ಹೊಟ್ಟಿನ ಲೆಕ್ಕ. ಒಳ್ಳೆಯ ಫೀಡ್‌ನಲ್ಲಿ 3 ಪರ್ಸೆಂಟಿನೊಳಗಿರಬೇಕು. ಒಂದು ಹಿಡಿ ಫೀಡನ್ನು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ, ಹತ್ತು ನಿಮಿಷ ಬಿಟ್ಟು ಮೇಲಿನದ್ದನ್ನು ಬಗ್ಗಿಸಿ. ತಳದಲ್ಲಿ ಉಳಿದದ್ದನ್ನು ಬೆರಳಲ್ಲಿ ಉಜ್ಜಿ. ಗರಗರ ಅಂದರೆ ಮರಳು.

ಪಟ್ಟಿಯಲ್ಲಿ ಬರೆಯದೆ ಯೂರಿಯಾ ಹಾಕಿದ್ದಾರೆ ಅನ್ನುವ ಅನುಮಾನ ಇದ್ದರೆ ಮನೆಯಲ್ಲೇ ನೋಡಬಹುದು. ಹುರಿಯದ, ಬೇಯಿಸದ ಸೋಯಾಕಾಳನ್ನು ಪುಡಿ ಮಾಡಿಕೊಳ್ಳಿ. ಯೂರಿಯಾವನ್ನು ಅಮೋನಿಯಾ ಮಾಡುವ ಕಿಣ್ವ ಅದರಲ್ಲಿದೆ. ಫೀಡನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಸೋಸಿ, ಆ ನೀರನ್ನು ಎರಡು ಲೋಟಕ್ಕೆ ಹಾಕಿ. ಒಂದಕ್ಕೆ ಮಾತ್ರ ಅರ್ಧ ಚಮಚ ಸೋಯಾಪುಡಿ ಬೆರೆಸಿ. ಹತ್ತು ನಿಮಿಷ ಬಿಟ್ಟು ಎರಡಕ್ಕೂ ಕೆಂಪು ಲಿಟ್ಮಸ್ ಕಾಗದ ಅದ್ದಿ. ಸೋಯಾ ಹಾಕಿದ ಲೋಟದಲ್ಲಿ ಮಾತ್ರ ಕಾಗದ ನೀಲಿಯಾದರೆ ಯೂರಿಯಾ ಇದೆ. ಎರಡರಲ್ಲೂ ನೀಲಿಯಾದರೆ ಸುಣ್ಣದಂಥದ್ದು ಏನೋ ಸೇರಿದೆ, ಈ ಪರೀಕ್ಷೆಯಿಂದ ಏನೂ ಹೇಳಲಾಗದು. ಎಷ್ಟು ಯೂರಿಯಾ ಇದೆ ಅಂತಲೂ ಇದು ಹೇಳುವುದಿಲ್ಲ. ಅದಕ್ಕೆ ಲ್ಯಾಬೇ ಬೇಕು. ಲ್ಯಾಬಿಗೆ ಕಳಿಸುವಾಗ ಕ್ರೂಡ್ ಪ್ರೋಟೀನ್ ಜೊತೆಗೆ ಯೂರಿಯಾವನ್ನೂ ಬೇರೆಯಾಗಿ ಅಳೆಯಿರಿ ಅಂತ ಬರೆದು ಕೊಡಿ. ಇಲ್ಲದಿದ್ದರೆ ಚೀಲದ ಮೇಲಿನ ಅಂಕಿಯೇ ತಿರುಗಿ ಬರುತ್ತದೆ.

ಇನ್ನೊಂದು ಮಾತು. 22 ಯಾವಾಗಲೂ 20ಕ್ಕಿಂತ ಮೇಲು ಅಂತಲೂ ಅಲ್ಲ. ಹಲಸಂದೆ, ಕುದುರೆ ಮಸಾಲೆ, ಅಗಸೆ ಸೊಪ್ಪು ಹಾಕುವ ಮನೆಯಲ್ಲಿ ಪ್ರೋಟೀನ್ ಮೇವಿನಿಂದಲೇ ಸಿಗುತ್ತದೆ. ಅಂಥ ಕಡೆ ಹತ್ತು ಲೀಟರ್ ಹಸುವಿಗೆ 20ರ ಫೀಡ್ ಸಾಕು. ಬರೀ ಒಣ ರಾಗಿ ಹುಲ್ಲಿನ ಮನೆಯಲ್ಲಿ 22ಕ್ಕೆ ಅರ್ಥವಿದೆ, ಅದೂ ಹಿಂಡಿಯಿಂದ ಬಂದ 22 ಆಗಿದ್ದರೆ.

ಮಿನರಲ್ ಮಿಕ್ಸ್ಚರ್ ಕಥೆಯೂ ಹೀಗೇ. ಅಲ್ಲಿ ಜನ ‘ಕ್ಯಾಲ್ಸಿಯಂ’ ಒಂದನ್ನೇ ನೋಡುತ್ತಾರೆ. ಕ್ಯಾಲ್ಸಿಯಂ ಅಗ್ಗ, ಸುಣ್ಣದ ಕಲ್ಲಿನ ಪುಡಿಯಿಂದಲೂ ಬರುತ್ತದೆ. ದುಡ್ಡು ಇರುವುದು ರಂಜಕದಲ್ಲಿ, ಅಂದರೆ ಫಾಸ್ಫರಸ್‌ನಲ್ಲಿ. ಉಪ್ಪು ಸೇರಿಸದ ಒಳ್ಳೆಯ ಮಿಶ್ರಣದಲ್ಲಿ ಕ್ಯಾಲ್ಸಿಯಂ ಕನಿಷ್ಠ 20, ರಂಜಕ 12, ಸತು 0.8 ಪರ್ಸೆಂಟ್ ಇರಬೇಕು. ಕ್ಯಾಲ್ಸಿಯಂ 28, ರಂಜಕ 4 ಅಂತ ಕಂಡರೆ ನೀವು ಕೊಳ್ಳುತ್ತಿರುವುದು ಬಹುಪಾಲು ಸುಣ್ಣದ ಪುಡಿ. ರಂಜಕ ಸರಿಯಾಗಿದ್ದರೆ ಫ್ಲೋರಿನ್ ಸಾಲನ್ನೂ ನೋಡಿ, 0.07 ದಾಟಬಾರದು. ಶುದ್ಧ ಮಾಡದ ರಾಕ್ ಫಾಸ್ಫೇಟ್ ಹಾಕಿದರೆ ಅದು ದಾಟುತ್ತದೆ, ವರ್ಷಗಟ್ಟಲೆ ತಿಂದ ಹಸುವಿನ ಹಲ್ಲು, ಮೂಳೆ ಹಾಳಾಗುತ್ತವೆ.

ಕೊಳ್ಳುವ ಮೊದಲು ಫೀಡ್ ಚೀಲದ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಮಿನರಲ್ ಮಿಕ್ಸ್ಚರ್ 1 ಪರ್ಸೆಂಟ್ ಅಂತಿದ್ದು, ನಿಮ್ಮ ಹಸು ದಿನಕ್ಕೆ 4 ಕೆಜಿ ಫೀಡ್ ತಿನ್ನುತ್ತಿದ್ದರೆ 40 ಗ್ರಾಂ ಆಗಲೇ ಹೊಟ್ಟೆಗೆ ಹೋಗುತ್ತಿದೆ. ದೊಡ್ಡ ಹಸುವಿಗೆ ಸಾಮಾನ್ಯವಾಗಿ ಹೇಳುವುದು ದಿನಕ್ಕೆ 50 ಗ್ರಾಂ. ಹತ್ತು ಹದಿನೈದು ಗ್ರಾಂ ಮೇಲೆ ಹಾಕಿದರೆ ಮುಗಿಯಿತು. ಪೂರ್ತಿ 50 ಗ್ರಾಂ ಬೇಕಾಗಿರುವುದು ಫೀಡ್ ಬೀಳದ ಹಸುಗಳಿಗೆ: ಹಾಲು ಬತ್ತಿದ ಗಬ್ಬದ ಹಸುವಿಗೆ, ಬರೀ ಹುಲ್ಲು ಮತ್ತು ಬಿಡಿ ಬೂಸಾದ ಮೇಲಿರುವ ಹಸುವಿಗೆ. ಬೆಳೆಯುವ ಕಡಸಿಗೆ ಅದರ ಅರ್ಧದಷ್ಟು ಸಾಕು. ನಮ್ಮಲ್ಲಿ ಸಾಮಾನ್ಯವಾಗಿ ಇವಕ್ಕೇ ಹಾಕುವುದಿಲ್ಲ.