ಅತಿಶತಾಯುಷಿ: ನೂರಾಹತ್ತು ದಾಟಿದ ವಯಸ್ಸನ್ನು ಒರೆಗೆ ಹಚ್ಚುವ ಬಗೆ

ನೂರು ವರ್ಷ ತುಂಬಿದವರು ಶತಾಯುಷಿಗಳು. ನೂರಾಹತ್ತು ದಾಟಿದವರನ್ನು ಇಂಗ್ಲಿಷಿನಲ್ಲಿ ಸೂಪರ್‌ಸೆಂಟೆನೇರಿಯನ್ ಎನ್ನುತ್ತಾರೆ. ಕನ್ನಡದಲ್ಲಿ ನೆಲೆನಿಂತ ಪದವಿಲ್ಲದ ಕಾರಣ ಇಲ್ಲಿ ಅತಿಶತಾಯುಷಿ ಎಂದು ಕರೆದಿದ್ದೇನೆ.

ಇಂಥ ವಯಸ್ಸನ್ನು ತಜ್ಞರು ಥಟ್ಟನೆ ಒಪ್ಪದಿರುವುದಕ್ಕೆ ಲೆಕ್ಕದ ಕಾರಣವಿದೆ. ನೂರಾಹತ್ತರ ನಂತರ ಒಂದು ವರ್ಷದೊಳಗೆ ಸಾಯುವ ಸಂಭವ ಸುಮಾರು ಅರ್ಧದಷ್ಟು. ಹೀಗಾಗಿ 110ಕ್ಕೆ ಮುಟ್ಟಿದ ಮೂವತ್ತೆರಡು ಮಂದಿಯಲ್ಲಿ 115 ಕಾಣುವವರು ಹೆಚ್ಚುಕಡಿಮೆ ಒಬ್ಬರೇ. ಆದರೆ ತಪ್ಪು ಬರೆದ ವಯಸ್ಸಿಗೆ ಸಾವಿನ ಈ ಸೋಸುವಿಕೆ ತಟ್ಟುವುದಿಲ್ಲ, ಏಕೆಂದರೆ ಕಾಗದದ ಮೇಲೆ 115 ಆದವರು ನಿಜದಲ್ಲಿ ತೊಂಬತ್ತರ ಆಸುಪಾಸಿನಲ್ಲಿರಬಹುದು. ಹೇಳಿಕೊಂಡ ವಯಸ್ಸು ಏರಿದಷ್ಟೂ ನಿಜವಾದವರು ಕರಗಿ, ತಪ್ಪು ದಾಖಲೆಗಳ ಪಾಲು ಹಿಗ್ಗುತ್ತದೆ.

ಗದಗ ಸೀಮೆಯ ಹಳ್ಳಿಯೊಂದರ ಅಜ್ಜಿಯ ಆಧಾರ್ ಕಾರ್ಡಿನಲ್ಲಿ 01/01/1912 ಎಂದಿದೆ ಎಂದುಕೊಳ್ಳೋಣ. ಜನವರಿ ಒಂದು ಎಂಬುದೇ ಮೊದಲ ಸುಳಿವು. ಅದು ಬಹುಮಟ್ಟಿಗೆ ಅಂದಾಜಿನಿಂದ ಬರೆಸಿದ ತಾರೀಖು. "ಪ್ಲೇಗ್ ಬಂದ ವರ್ಷ ಹುಟ್ಟಿದಾಕಿ" ಎಂಬ ಮನೆಯವರ ಮಾತೂ ಹೆಚ್ಚು ದೂರ ಒಯ್ಯುವುದಿಲ್ಲ, ಏಕೆಂದರೆ 1898ರಲ್ಲಿ ಹುಬ್ಬಳ್ಳಿಗೆ ಬಂದ ಪ್ಲೇಗ್ ಈ ಸೀಮೆಗೆ ಮುಂದೆಯೂ ಮರಳಿ ಮರಳಿ ಬಂದಿತು. ಆಗ ಮಕ್ಕಳ ವಯಸ್ಸು ಕೇಳಬೇಕು. ಶಾಲೆಯ ದಾಖಲೆಯಂತೆ ಹಿರಿಯ ಮಗ 1952ರಲ್ಲಿ, ಕಿರಿಯ ಮಗಳು 1966ರಲ್ಲಿ ಹುಟ್ಟಿದ್ದರೆ, ಅಜ್ಜಿ ನಲವತ್ತಕ್ಕೆ ಮೊದಲ ಸಲ, ಐವತ್ನಾಲ್ಕಕ್ಕೆ ಕೊನೆಯ ಸಲ ಹೆತ್ತಂತಾಗುತ್ತದೆ. ಹಿಂದಿನ ಮಕ್ಕಳು ಉಳಿಯಲಿಲ್ಲವೆಂದು ಮೊದಲನೆಯದನ್ನು ಒಪ್ಪಿದರೂ ಎರಡನೆಯದನ್ನು ಒಪ್ಪುವುದು ಕಷ್ಟ. ಶಾಲೆಯಲ್ಲಿ ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡದ್ದರಿಂದ ಒಂದೆರಡು ವರ್ಷ ಆಚೀಚೆ ಆಗಬಹುದೇ ಹೊರತು ಇಪ್ಪತ್ತು ವರ್ಷವಲ್ಲ. 1932ರ ಸುಮಾರಿಗೆ ಹುಟ್ಟಿದಳೆಂದರೆ ಎಲ್ಲವೂ ಸರಿಹೊಂದುತ್ತದೆ.

ಈ ಪರೀಕ್ಷೆ ಸುಳ್ಳನ್ನು ತಳ್ಳಿಹಾಕಬಲ್ಲದು, ನಿಜವನ್ನು ಸ್ಥಾಪಿಸಲಾರದು. ಸ್ಥಾಪಿಸಲು ಹುಟ್ಟಿದ ಕಾಲಕ್ಕೇ, ಇಲ್ಲವೇ ಬಾಲ್ಯದಲ್ಲಿ, ಬರೆದ ದಾಖಲೆ ಬೇಕು. ನಡುವಯಸ್ಸಿನದೂ ಇಳಿವಯಸ್ಸಿನದೂ ಅದಕ್ಕೆ ಹೊಂದಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಈ ಮೂರೂ ಒಬ್ಬರವೇ ಎಂದು ತೋರಿಸುವುದು. ಕೆನಡಾದ ಪಿಯರ್ ಜೂಬೇರ್ 113 ವರ್ಷ ಬದುಕಿದನೆಂದು ಬಹುಕಾಲ ನಂಬಲಾಗಿತ್ತು. ಕೊನೆಗೆ ನೋಡಿದರೆ ಹುಟ್ಟಿನ ದಾಖಲೆ ತಂದೆಯದು, ಸಾವಿನದು ಅದೇ ಹೆಸರಿನ ಮಗನದು. ಜಪಾನಿನ ಶಿಗೆಚಿಯೊ ಇಜುಮಿಯ 120 ವರ್ಷವನ್ನೂ ಈಗ ಒಪ್ಪುವುದಿಲ್ಲ. ಅವನ ಜನನ ದಾಖಲೆ ಅಣ್ಣನೊಬ್ಬನದಿರಬಹುದೆಂಬ ಶಂಕೆಯಿದೆ. ಫ್ರಾನ್ಸಿನ ಜೀನ್ ಕಾಲ್ಮಾಳ 122 ವರ್ಷ ನಿಂತಿರುವುದು ಬಾಲ್ಯದಿಂದಲೂ ಜನಗಣತಿಯ ಹಾಳೆಗಳಲ್ಲಿ ಅವಳ ಹೆಸರು ಸಿಗುವುದರಿಂದ. ಕೊನೆಗೆ ಅವಳ ಹೆಸರಿನಲ್ಲಿ ಬದುಕಿದ್ದವಳು ಅವಳ ಮಗಳೇ ಎಂಬ ವಾದ 2018ರಲ್ಲಿ ಎದ್ದರೂ ಹೆಚ್ಚಿನ ತಜ್ಞರು ಒಪ್ಪಿಲ್ಲ.

ನಮ್ಮಲ್ಲಿ ಸತ್ತ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿದೆ, ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವುದೂ ಉಂಟು. ಆದ್ದರಿಂದ ಹಳೆಯ ಜನನ ರಜಿಸ್ಟರಿನಲ್ಲಿ ಹೆಣ್ಣುಮಗುವೊಂದು ಸಿಕ್ಕರೂ, ಅವಳೇ ಈ ಅಜ್ಜಿ ಎನ್ನಲು ತಂದೆಯ ಹೆಸರು, ತವರೂರು ಮತ್ತು ಒಡಹುಟ್ಟಿದವರ ಜನನದ ನಡುವಿನ ಅಂತರ ಇವಿಷ್ಟೂ ತಾಳೆಯಾಗಬೇಕು.