ಹತ್ತು ಜನರನ್ನು ಹಾಕಿದರೆ ಉಳಿಯುವುದು ಒಂದೇ ದಿನ

ಮೊನ್ನೆ ಮತ್ತೆ ಗಿರಾಕಿಯೊಬ್ಬರಿಂದ ಅದೇ ಫೋನು. ಹನಿ ನೀರಾವರಿ ಉಪಕರಣದ ಕೈಪಿಡಿ, ಇಂಗ್ಲಿಷಿನಲ್ಲಿ 60,000 ಪದ. ಕನ್ನಡಕ್ಕೆ ತರಲು ಐದು ಅನುವಾದಕರು, 13 ಕೆಲಸದ ದಿನ ಅಂತ ನಾನು ಹೇಳಿದ್ದೆ. "ಹಂಗಾದ್ರೆ ಹತ್ತು ಜನರನ್ನು ಹಾಕಿ ಸಾರ್, ಆರೇ ದಿನಕ್ಕೆ ಮುಗಿಯುತ್ತಲ್ವಾ?"

ಮುಗಿಯಲ್ಲ. ಲೆಕ್ಕ ನೋಡಿ. ಇಂಥ ಕೆಲಸದಲ್ಲಿ ಒಬ್ಬರು ದಿನಕ್ಕೆ ಸುಮಾರು 2,000 ಪದ ಮಾಡುತ್ತಾರೆ. ಐದು ಜನರಿಗೆ ಆರು ದಿನ ಸಾಕು, ನಿಜ. ಆದರೆ ಕೊನೆಗೆ ಎಲ್ಲವನ್ನೂ ಒಬ್ಬರೇ ಕೂತು ಓದಿ ಒಂದು ಹದಕ್ಕೆ ತರಬೇಕು. ಅವರು ದಿನಕ್ಕೆ 8,000 ಪದ ಓದಿದರೂ ಎಂಟು ದಿನ ಬೇಕು. ಮೊದಲ ಎರಡು ದಿನ, ಯಾವ ಪದವನ್ನು ಎಲ್ಲರೂ ಹೇಗೆ ಬರೆಯಬೇಕು ಎಂದು ಹೇಳುವ ಶೈಲಿಪಟ್ಟಿಗೆ. ಮತ್ತೆರಡು ದಿನದ ಅನುವಾದ ಕೈಗೆ ಬಂದ ಮೇಲೆ ಓದು ಶುರು. ಕೊನೆಯಲ್ಲಿ ತಿದ್ದುಪಡಿಗೆ ಒಂದು ದಿನ. ಒಟ್ಟು 13. ಹತ್ತು ಜನರಿದ್ದರೆ ಓದು ಒಂದು ದಿನ ಮೊದಲು ಶುರುವಾಗುತ್ತದೆ, ಅಷ್ಟೇ. ಓದುವವರು ಒಬ್ಬರೇ ತಾನೆ? ಅವರನ್ನು ಇಬ್ಬರು ಮಾಡಿದರೆ ಆ ಇಬ್ಬರನ್ನು ಹೊಂದಿಸಲು ಮೂರನೆಯವರು ಬೇಕಾಗುತ್ತಾರೆ.

ದರ ಹೇಳುವಾಗಲೂ ಈ ಓದಿನ ಕೂಲಿಯನ್ನು ಬೇರೆ ಸಾಲಿನಲ್ಲೇ ಬರೆಯುತ್ತೇನೆ. ಅನುವಾದದ ದರ ಇಂಗ್ಲಿಷ್ ಪದದ ಮೇಲೆ. 'ಇನ್ ದ ಹೌಸ್' ಮೂರು ಪದ, 'ಮನೆಯಲ್ಲಿ' ಒಂದೇ. ಕನ್ನಡ ಪದ ಎಣಿಸಿ ದುಡ್ಡು ಕೊಡುತ್ತೇವೆ ಅಂದರೆ ಒಪ್ಪಬೇಡಿ.

ಶೈಲಿಪಟ್ಟಿಯನ್ನು ನಾನು ಸುಮ್ನೆ ಕೂತು ಬರೆಯುವುದಿಲ್ಲ. ಮೊದಲ ದಿನ ಐದೂ ಜನರಿಗೆ ಕೈಪಿಡಿಯ ಒಂದೇ ಪುಟವನ್ನು ಅನುವಾದಕ್ಕೆ ಕೊಡುತ್ತೇನೆ. ಈ ಸಲ ಒಬ್ಬರು 'ಕವಾಟ' ಅಂದರು, ಇಬ್ಬರು 'ವಾಲ್ವ್', ಒಬ್ಬರು 'ವಾಲ್ವು'. ಐದನೆಯವರು ಒಂದೇ ಪುಟದಲ್ಲಿ ಎರಡು ಥರ ಬರೆದಿದ್ದರು, ಪಾಪ. ಜಗಳ ಎಲ್ಲೆಲ್ಲಿದೆಯೋ ಅದೇ ಪಟ್ಟಿ: 'ವಾಲ್ವ್' ಅಂತಲೇ ಬರೆಯಬೇಕು; 'ತಿರುಗಿಸಿ' ಅನ್ನಬೇಕು, 'ತಿರುಗಿಸಬೇಕು' ಅಲ್ಲ; ಅಂಕಿ 1, 2, 3, ಕನ್ನಡ ಅಂಕಿ ಅಲ್ಲ. ಎರಡು ಪುಟ ಮೀರಿದರೆ ಯಾರೂ ಓದುವುದಿಲ್ಲ. ಹೊಸ ಅನುಮಾನ ಬಂದರೆ ಒಬ್ಬರಿಗೇ ಬರೆಯಬೇಕು, ಅವರು ಸಂಜೆಯೊಳಗೆ ತೀರ್ಮಾನ ಹೇಳಬೇಕು. ಪದೇ ಪದೇ ಬರುವ ಎಚ್ಚರಿಕೆ ಸಾಲುಗಳನ್ನು ಒಬ್ಬರೇ ಮೊದಲು ಮಾಡಿ ಉಳಿದವರಿಗೆ ಹಂಚುತ್ತಾರೆ. ಐವರಿಗೂ ಕೆಲಸ ಹಂಚುವುದು ಅಧ್ಯಾಯದ ಲೆಕ್ಕದಲ್ಲಿ, ಪುಟದ ಲೆಕ್ಕದಲ್ಲಲ್ಲ.

ಕಣ್ಣಿಗೆ ಬೀಳದ ತೊಂದರೆಯೂ ಒಂದಿದೆ. 'ಸಾಫ್ಟ್‌ವೇರ್' ಎಂದು ಬಿಡಿಸಿ ಬರೆಯಲು ನಡುವೆ ಕಾಣದ ಅಕ್ಷರವೊಂದನ್ನು ಒತ್ತಬೇಕು. ಒತ್ತದಿದ್ದರೆ 'ಸಾಫ್ಟ್ವೇರ್' ಆಗಿ ವ ಒತ್ತಕ್ಷರವಾಗುತ್ತದೆ. ಕಂಪ್ಯೂಟರಿನಲ್ಲಿ ಹುಡುಕಿದರೆ ಒಂದು ಸಿಕ್ಕಾಗ ಇನ್ನೊಂದು ಸಿಗದೆ ಹೋಗಬಹುದು. ಹಾಗಾಗಿ ಎರಡನ್ನೂ ಹುಡುಕಿ ನೋಡಿ ಅಂತ ಪಟ್ಟಿಯ ಕೊನೆಗೆ ಬರೆದಿರುತ್ತೇನೆ.

ಹಿಂದೊಮ್ಮೆ ಗಿರಾಕಿಯೊಬ್ಬರ ಅವಸರಕ್ಕೆ ಮಣಿದು ಕೊನೆಯ ಓದನ್ನೇ ಬಿಟ್ಟಿದ್ದೆ. ಕೈಪಿಡಿ ಅಚ್ಚಾದ ಮೇಲೆ ರೈತರೊಬ್ಬರು ಅಂಗಡಿಗೆ ಬಂದು ಕೇಳಿದರಂತೆ: "ವಾಲ್ವ್ ಬಂದಿದೆ, ಕವಾಟ ಎಲ್ಲಿ ಕೊಟ್ಟಿದ್ದೀರಿ?"